ಖಾತೆ ನಂಬರ್ ತಪ್ಪಾಗಿದೆ ಎಂದ ಮೆಸೇಜು

ಮೊದಲು ಆ ಮೆಸೇಜಲ್ಲಿ ಏನಿತ್ತು ಅನ್ನೋದನ್ನ ಹೇಳಿಬಿಡ್ತೀನಿ. ಯಾಕಂದ್ರೆ ಈ ಲೇಖನ ಓದುತ್ತಿರುವ ನಿಮ್ಮಲ್ಲಿ ಕೆಲವರ ಫೋನಲ್ಲಿ ಅದು ಈಗಲೂ ಇರಬಹುದು. "ನಿಮಗೆ 15,490 ರೂಪಾಯಿ ಆದಾಯ ತೆರಿಗೆ ರಿಫಂಡ್ ಮಂಜೂರಾಗಿದೆ. ಹಣ ಶೀಘ್ರದಲ್ಲೇ ನಿಮ್ಮ ಖಾತೆಗೆ ಜಮೆಯಾಗುತ್ತದೆ. ನಿಮ್ಮ ಖಾತೆ ಸಂಖ್ಯೆ 5XXXXX6777 ಸರಿಯಿದೆಯೇ ಪರಿಶೀಲಿಸಿ. ಸರಿಯಿಲ್ಲದಿದ್ದರೆ ಈ ಕೆಳಗಿನ ಲಿಂಕ್‌ಗೆ ಹೋಗಿ ಬ್ಯಾಂಕ್ ವಿವರ ಸರಿಪಡಿಸಿ." ಇಂಗ್ಲಿಷಲ್ಲಿ ಬಂದಿದ್ದ ಮೆಸೇಜಿನ ಸಾರಾಂಶ ಇಷ್ಟು. 2023ರ ಆಗಸ್ಟ್‌ನಲ್ಲಿ ದೇಶದ ತುಂಬ ಹರಿದಾಡಿತು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ, ಇದು ನಕಲಿ, ಆದಾಯ ತೆರಿಗೆ ಇಲಾಖೆ ಇಂಥ ಮೆಸೇಜ್ ಕಳಿಸಿಲ್ಲ ಅಂತ ಬಹಿರಂಗವಾಗಿ ಹೇಳಬೇಕಾಯಿತು.

ಆ ವಾರ ನಾನು ಸ್ಟುಡಿಯೋದಲ್ಲಿ ಅದನ್ನ ಓದಿ, "ವೀಕ್ಷಕರೇ, ಮೋಸ ಹೋಗಬೇಡಿ" ಅಂದು ಮುಂದಿನ ಸುದ್ದಿಗೆ ಹೋಗಿಬಿಟ್ಟೆ. ನಲವತ್ತು ಸೆಕೆಂಡಿನ ಸುದ್ದಿ. ಆಮೇಲೆ ಚಿಂತಾಮಣಿ ಕಡೆಯಿಂದ ಒಬ್ಬರು ನಿವೃತ್ತ ಶಿಕ್ಷಕಿ ಫೋನ್ ಮಾಡಿದ್ರು. "ನೀನು ಟಿವಿಯಲ್ಲಿ ಹೇಳಿದ್ದು ಕೇಳಿದೀನಿ ಕಣಪ್ಪ. ಆದ್ರೆ ನನಗೆ ನಿಜವಾಗ್ಲೂ ರಿಫಂಡ್ ಬರಬೇಕಿತ್ತು. ಹಾಗಿದ್ದಾಗ ಅದು ಮೋಸ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಅಂದ್ರು.

ಆ ಪ್ರಶ್ನೆಗೆ ನನ್ನ ನಲವತ್ತು ಸೆಕೆಂಡಲ್ಲಿ ಉತ್ತರ ಇರಲಿಲ್ಲ. ಒಂದು ಭಾನುವಾರ ಅವರ ಮನೆಗೆ ಹೋದೆ. ಅವರ ಹೆಸರು, ಬ್ಯಾಂಕಿನ ಹೆಸರು ಇಲ್ಲಿ ಬೇಡ. ಲೆಕ್ಕ ಮಾತ್ರ ಪೂರ್ತಿ ಹೇಳ್ತೀನಿ, ಯಾಕಂದ್ರೆ ಮೋಸ ಹಿಡಿಯೋಕೆ ಬೇಕಾದ್ದು ಆ ಲೆಕ್ಕದಲ್ಲೇ ಇದೆ.

ಮೇಡಂಗೆ ತಿಂಗಳಿಗೆ ಮೂವತ್ತು ಸಾವಿರದ ಆಸುಪಾಸು ಪಿಂಚಣಿ. ನಿವೃತ್ತಿಯ ಹಣ ಬ್ಯಾಂಕಲ್ಲಿ ಎಫ್‌ಡಿ. ಆ ವರ್ಷ, ಅಂದ್ರೆ 2022-23ರಲ್ಲಿ, ಎಫ್‌ಡಿಗೆ 56,000 ರೂಪಾಯಿ ಬಡ್ಡಿ ಬಂತು. ಆಗ ಹಿರಿಯ ನಾಗರಿಕರಿಗೆ ಬಡ್ಡಿ 50,000 ದಾಟಿದ್ರೆ ಬ್ಯಾಂಕು ಶೇ. 10 ಟಿಡಿಎಸ್ ಹಿಡಿಯಬೇಕಿತ್ತು. ತೆರಿಗೆ ಬರಲ್ಲ, ಹಿಡಿಯಬೇಡಿ ಅಂತ ಫಾರ್ಮ್ 15ಎಚ್ ಕೊಟ್ಟಿದ್ರೆ ಹಿಡೀತಿರಲಿಲ್ಲ, ಇವರು ಕೊಟ್ಟಿರಲಿಲ್ಲ. ಹಾಗಾಗಿ 5,600 ರೂಪಾಯಿ ಹಿಡಿದ್ರು. ಇತ್ತ ಅವರ ಒಟ್ಟು ಆದಾಯ ಐದು ಲಕ್ಷದೊಳಗೆ, ರಿಬೇಟ್ ಕಳೆದ ಮೇಲೆ ಕಟ್ಟಬೇಕಾದ ತೆರಿಗೆ ಸೊನ್ನೆ. ಊರಿನ ಟ್ಯಾಕ್ಸ್ ನೋಡೋರ ಹತ್ತಿರ ಜುಲೈ 31ರ ಗಡುವಿನೊಳಗೆ ರಿಟರ್ನ್ ಹಾಕಿಸಿದ್ರು. ಅವರು, "ಟೀಚರ್, ನಿಮ್ಮ ದುಡ್ಡು ವಾಪಸ್ ಬರತ್ತೆ, ಮೆಸೇಜ್ ಬರತ್ತೆ ನೋಡ್ಕೊಳಿ" ಅಂದು ಕಳಿಸಿದ್ರು.

ಮೆಸೇಜ್ ಬಂತು ನೋಡಿ!

ರಿಫಂಡ್ ಮೆಸೇಜಿನ ಮೋಸ ಕುರುಡಾಗಿ ಬೀಸುವ ಬಲೆ ಅಂತ ನಾವು ಅಂದ್ಕೊಂಡಿದ್ದೀವಿ. ಬಲೆ ಕುರುಡೇ, ನಿಜ. ಯಾರು ರಿಟರ್ನ್ ಹಾಕಿದ್ದಾರೆ, ಯಾರು ಹಾಕಿಲ್ಲ ಅಂತ ಕಳಿಸುವವನಿಗೆ ಗೊತ್ತಿರಬೇಕಾಗಿಲ್ಲ. ಅವನಿಗೆ ಬೇಕಾದ್ದು ಕ್ಯಾಲೆಂಡರ್ ಮಾತ್ರ. ಜುಲೈ 31ರ ನಂತರದ ವಾರಗಳಲ್ಲಿ ಕೋಟಿಗಟ್ಟಲೆ ಜನ ಒಂದೇ ವಿಷಯಕ್ಕೆ ಕಾಯ್ತಾ ಇರ್ತಾರೆ. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಫಾರ್ಮ್ 16 ತಗೊಂಡ ನೌಕರ ಕಾಯ್ತಿರ್ತಾನೆ, ಚಿಕ್ಕಬಳ್ಳಾಪುರದ ನಿವೃತ್ತ ಗುಮಾಸ್ತರು ಕಾಯ್ತಿರ್ತಾರೆ. ಕಾಯುವವರ ಕೈಗೆ ಮೆಸೇಜ್ ಬಿದ್ರೆ, ಇಷ್ಟು ಬೇಗ ಬಂತಲ್ಲ ಅಂತ ಖುಷಿಪಡ್ತಾರೆ, ಅನುಮಾನ ಪಡಲ್ಲ.

ಎರಡನೇ ಜಾಣತನ ಆ ಖಾತೆ ಸಂಖ್ಯೆಯಲ್ಲಿದೆ. 5XXXXX6777 ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಬಹುತೇಕ ಯಾರದ್ದೂ ಅಲ್ಲ. ಅಲ್ಲಿ ತಪ್ಪು ನಂಬರ್ ಇರೋದೇ ಅವರ ಉದ್ದೇಶ. ಸರಿಯಾದ ಖಾತೆ ತೋರಿಸಿದ್ರೆ ನೀವು ಸುಮ್ಮನೆ ಕೂರ್ತೀರಿ. ತಪ್ಪು ಖಾತೆ ತೋರಿಸಿದ್ರೆ, "ಅಯ್ಯೋ, ನನ್ನ ದುಡ್ಡು ಬೇರೆ ಯಾರಿಗೋ ಹೋಗ್ತಿದೆ" ಅಂತ ಎದೆ ಧಸಕ್ ಅನ್ನತ್ತೆ. ಮೇಡಂ ನನಗೆ ಹೇಳಿದ್ದೂ ಇದನ್ನೇ. "ಹದಿನೈದು ಸಾವಿರಕ್ಕೆ ಆಸೆ ಬೀಳಲಿಲ್ಲಪ್ಪ. ನನ್ನ ಐದು ಸಾವಿರದ ಆರುನೂರು ಯಾರ ಖಾತೆಗೋ ಹೋಗತ್ತಲ್ಲ ಅಂತ ಹೆದರಿಕೊಂಡೆ."

ದುರಾಸೆಯಿಂದ ಮೋಸ ಹೋದ್ರು ಅಂತ ಬರೆಯುವ ನಮ್ಮ ಮಾಧ್ಯಮದವರು, ನಾನೂ ಸೇರಿ, ಈ ಮಾತನ್ನ ಒಂದು ಸಲ ಕೇಳಬೇಕಿತ್ತು.

ಹಾಗಾದ್ರೆ 5,600 ಬರಬೇಕಾದ ಜಾಗದಲ್ಲಿ 15,490 ಅಂತ ಬಂದಾಗ ಅವರಿಗೆ ಯಾಕೆ ಅನುಮಾನ ಬರಲಿಲ್ಲ? "ಬಡ್ಡಿ ಗಿಡ್ಡಿ ಸೇರಿಸಿರಬಹುದು ಅಂದ್ಕೊಂಡೆ" ಅಂದ್ರು. ಮೇಷ್ಟ್ರು ಆಗಿದ್ದೋರು, ಯೋಚನೆ ತಪ್ಪಲ್ಲ. ಇಲಾಖೆ ರಿಫಂಡಿಗೆ ಬಡ್ಡಿ ಕೊಡೋದು ನಿಜ. ಆದರೆ ಎಷ್ಟು? ತಿಂಗಳಿಗೆ ಅರ್ಧ ಪರ್ಸೆಂಟ್. ಗಡುವಿನೊಳಗೆ ರಿಟರ್ನ್ ಹಾಕಿದವರ ಟಿಡಿಎಸ್ ರಿಫಂಡಿಗೆ ಏಪ್ರಿಲ್ 1ರಿಂದ ಲೆಕ್ಕ. 5,600ಕ್ಕೆ ತಿಂಗಳಿಗೆ 28 ರೂಪಾಯಿ. ಆಗಸ್ಟ್ ಕೊನೆಗೆ ಐದು ತಿಂಗಳು ಅಂದ್ರೂ 140. ಒಟ್ಟು 5,740. ಅದು 15,490 ಆಗಬೇಕು ಅಂದ್ರೆ ಮೂವತ್ತು ವರ್ಷ ಕಾಯಬೇಕು ಸ್ವಾಮಿ.

ಈ ಲೆಕ್ಕ ಪ್ರತಿಯೊಬ್ಬರೂ ಮಾಡಬಹುದು. ರಿಫಂಡ್ ಅಂದ್ರೆ ಸರ್ಕಾರದ ಬಹುಮಾನ ಅಲ್ಲ, ಲಾಟರಿಯೂ ಅಲ್ಲ. ನಿಮ್ಮಿಂದ ಈಗಾಗಲೇ ಹಿಡಿದಿರುವ ತೆರಿಗೆಯಲ್ಲಿ ಹೆಚ್ಚಾದದ್ದು ವಾಪಸ್ ಬರೋದು, ಅಷ್ಟೆ. ಎಷ್ಟು ಹಿಡಿದಿದ್ದಾರೆ ಅನ್ನೋದು ಫಾರ್ಮ್ 26ಎಎಸ್‌ನಲ್ಲಿ ಇರತ್ತೆ. ಅದಕ್ಕಿಂತ ಹೆಚ್ಚು, ಚಿಲ್ಲರೆ ಬಡ್ಡಿ ಬಿಟ್ರೆ, ಬರೋಕೆ ಸಾಧ್ಯವೇ ಇಲ್ಲ. ಇನ್ನು ರಿಟರ್ನ್ ಹಾಕದವರಿಗೆ ರಿಫಂಡ್ ಅನ್ನೋದೇ ಹುಟ್ಟಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ತಂದು ಮಾರುವ, ಜೀವನದಲ್ಲಿ ಒಂದು ಸಲವೂ ರಿಟರ್ನ್ ಹಾಕದ ರೈತರಿಗೂ ಈ ಮೆಸೇಜ್ ಬರತ್ತೆ. ಅವರು ಲಿಂಕ್ ನೋಡೋದೇ ಬೇಡ. ರಿಟರ್ನ್ ಇಲ್ಲ ಅಂದ್ರೆ ರಿಫಂಡ್ ಇಲ್ಲ, ಅಲ್ಲಿಗೆ ಮುಗೀತು.

ಈಗ ಮೇಡಂ ಲಿಂಕ್ ಒತ್ತಿದ ಮೇಲೆ ಏನಾಯಿತು ನೋಡೋಣ.

ಆದಾಯ ತೆರಿಗೆ ಇಲಾಖೆಯ ಲಾಂಛನ ಇರುವ ಪುಟ ತೆರೀತು. ಹೆಸರು, ಪ್ಯಾನ್, ಆಧಾರ್, ಹುಟ್ಟಿದ ದಿನಾಂಕ ಕೇಳಿತು. ಆಮೇಲೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ. ಆಮೇಲೆ ಡೆಬಿಟ್ ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರು ಅಂಕಿ. ಕೊನೆಗೆ "ಪರಿಶೀಲನೆ ಪೂರ್ಣಗೊಳಿಸಲು ಆ್ಯಪ್ ಇನ್‌ಸ್ಟಾಲ್ ಮಾಡಿ" ಅಂತ ಬಂತು. ಮಾಡಿದ್ರು. ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳಿತು. ಕೊಟ್ರು. "ಟ್ರಾನ್ಸ್‌ಫರ್" ಅಂತ ಬಟನ್ ಬಂತು, ಒತ್ತಿದ್ರು. ಏನೋ ಎರರ್ ತೋರಿಸಿ, "ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಾಯಿರಿ" ಅಂತ ಸುತ್ತೋಕೆ ಶುರುವಾಯಿತು. ಮೇಡಂ ಫೋನನ್ನ ಟಿವಿ ಮೇಲಿಟ್ಟು ಕಾಫಿ ಮಾಡೋಕೆ ಹೋದ್ರು.

ಇದನ್ನ ಕೇಳ್ತಾ ಕೇಳ್ತಾ ನನಗೆ ಹಳೆಯದೊಂದು ಕಾಗದ ನೆನಪಾಯಿತು. ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2021ರ ಸೆಪ್ಟೆಂಬರ್‌ನಲ್ಲೇ ಒಂದು ಎಚ್ಚರಿಕೆ ಹೊರಡಿಸಿತ್ತು. ಆದಾಯ ತೆರಿಗೆ ರಿಫಂಡ್ ಹೆಸರಲ್ಲಿ ಡ್ರಿನಿಕ್ ಎಂಬ ದುಷ್ಟ ಆ್ಯಪ್ ಹರಡ್ತಿದೆ, 27ಕ್ಕೂ ಹೆಚ್ಚು ಬ್ಯಾಂಕುಗಳ ಗ್ರಾಹಕರು ಗುರಿ ಅಂತ. ಅದರಲ್ಲಿ ಬರೆದಿದ್ದ ಹಂತಗಳೂ ಇವೇ: ಲಿಂಕ್, ನಕಲಿ ಪುಟ, ವಿವರ, ಆ್ಯಪ್, ಎಸ್‌ಎಂಎಸ್ ಅನುಮತಿ, ಟ್ರಾನ್ಸ್‌ಫರ್ ಬಟನ್, ಎರರ್, ಸುಳ್ಳು ಅಪ್‌ಡೇಟ್ ಪರದೆ. ಮೇಡಂ ಫೋನಿಗೆ ಬಂದಿದ್ದು ಡ್ರಿನಿಕ್ಕೇ ಅಂತ ನಾನು ಹೇಳ್ತಿಲ್ಲ. ಪಾಠ ಮಾತ್ರ ಒಂದೇ ಪುಸ್ತಕದ್ದು.

ಆ ಅಪ್‌ಡೇಟ್ ಪರದೆ ಯಾಕೆ ಅನ್ನೋದು ಅರ್ಥ ಮಾಡ್ಕೊಳಿ. ಕಾರ್ಡ್ ವಿವರ ಅವರ ಕೈಗೆ ಈಗಾಗಲೇ ಸಿಕ್ಕಿದೆ. ಆದರೆ ಅಷ್ಟರಿಂದಲೇ ದುಡ್ಡು ಎಳೆಯೋಕಾಗಲ್ಲ, ಒಟಿಪಿ ಬೇಕು. ಒಟಿಪಿ ನಿಮ್ಮ ಫೋನಿಗೆ ಎಸ್‌ಎಂಎಸ್ ಆಗಿ ಬರತ್ತೆ. ಎಸ್‌ಎಂಎಸ್ ಓದುವ ಅನುಮತಿ ಪಡೆದ ಆ್ಯಪ್ ಅದನ್ನ ಕದ್ದು ಅವರಿಗೆ ಕಳಿಸತ್ತೆ. ಈ ಕೆಲಸ ನಡೆಯುವಾಗ ನೀವು ಫೋನ್ ಮುಟ್ಟಬಾರದು, ಮೆಸೇಜ್ ನೋಡಬಾರದು. ಅದಕ್ಕೇ ಆ ಸುತ್ತುವ ಚಕ್ರ. "ಒಟಿಪಿ ಯಾರಿಗೂ ಹೇಳಬೇಡಿ" ಅಂತ ನಾವು ವರ್ಷಗಟ್ಟಲೆ ಹೇಳಿದ್ವಿ. ಮೇಡಂ ಯಾರಿಗೂ ಹೇಳಲಿಲ್ಲ. ಅವರ ಫೋನೇ ಹೇಳಿಬಿಡ್ತು.

ಸಂಜೆ 4 ಗಂಟೆ 40 ನಿಮಿಷಕ್ಕೆ 25,000 ರೂಪಾಯಿ ಹೋಯಿತು. ಕಾರ್ಡಿಗೆ ಆನ್‌ಲೈನ್ ಖರೀದಿಯ ದಿನದ ಮಿತಿ ಅಷ್ಟೇ ಇತ್ತು. ಐದೂವರೆ ಹೊತ್ತಿಗೆ ಅವರು ಮೆಸೇಜ್ ನೋಡಿದ್ರು, ಗೊತ್ತಾಯಿತು. ಆದರೆ ಬೆಂಗಳೂರಲ್ಲಿರುವ ಮಗನಿಗೆ ಹೇಳೋಕೆ ಮುಜುಗರ. ಬೈತಾನೆ ಅಂತ. ಬೆಳಿಗ್ಗೆ ಬ್ಯಾಂಕಿಗೆ ಹೋದರಾಯಿತು ಅಂತ ಮಲಗಿದ್ರು. ರಾತ್ರಿ 12 ಗಂಟೆ 7 ನಿಮಿಷಕ್ಕೆ ಇನ್ನೊಂದು 24,000 ಹೋಯಿತು. ತಾರೀಖು ಬದಲಾಗಿತ್ತು, ದಿನದ ಮಿತಿ ಹೊಸದಾಗಿ ತೆರೆದುಕೊಂಡಿತ್ತು. ಕಳ್ಳ ಅದಕ್ಕೇ ಕಾಯ್ತಾ ಕೂತಿದ್ದ.

ಮೊದಲ 25,000ಕ್ಕಿಂತ ಆ ಎರಡನೇ 24,000 ನನ್ನನ್ನ ಹೆಚ್ಚು ಕಾಡಿತು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಏನು ಹೇಳತ್ತೆ ಗೊತ್ತಾ? ಗ್ರಾಹಕರೇ ಗುಟ್ಟಿನ ವಿವರ ಕೊಟ್ಟು ನಷ್ಟವಾದ್ರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ಐದೂವರೆಗೆ ಬ್ಯಾಂಕಿಗೆ ಒಂದು ಫೋನ್ ಹೋಗಿದ್ರೆ ಕಾರ್ಡ್ ಬ್ಲಾಕ್ ಆಗ್ತಿತ್ತು. ಬ್ಲಾಕ್ ಮಾಡದೆ ಬಿಟ್ಟಿದ್ರೂ ರಾತ್ರಿಯ ನಷ್ಟ ಮೇಡಂ ತಲೆಮೇಲೆ ಬರ್ತಿರಲಿಲ್ಲ. ಇನ್ನೊಂದು ಫೋನ್ 1930ಕ್ಕೆ. ಅದು ದೇಶಕ್ಕೆಲ್ಲ ಒಂದೇ ನಂಬರ್. ಅಲ್ಲಿ ದೂರು ದಾಖಲಾದ ಕೂಡಲೇ ದುಡ್ಡು ಹೋದ ಬ್ಯಾಂಕಿಗೆ, ಅಲ್ಲಿಂದ ಅದರ ಮುಂದಿನ ಬ್ಯಾಂಕಿಗೆ ಸೂಚನೆ ಹೋಗತ್ತೆ. ಇನ್ನೂ ಡ್ರಾ ಆಗದೆ ಖಾತೆಯಲ್ಲಿ ಉಳಿದಿರುವ ದುಡ್ಡನ್ನ ಅಲ್ಲೇ ತಡೆಹಿಡೀತಾರೆ. ಡ್ರಾ ಆಗಿ ಹೋದ ದುಡ್ಡನ್ನ ತಡೆಯೋಕೆ 1930ಗೂ ಆಗಲ್ಲ. ಮೇಡಂ ಮಗನ ಕೈಲಿ ಫೋನ್ ಮಾಡಿಸಿದ್ದು ಮಾರನೇ ದಿನ ಹತ್ತು ಗಂಟೆಗೆ. ಎರಡನೇ ಕಂತಿನಲ್ಲಿ 9,000 ಮಾತ್ರ ಯಾವುದೋ ಖಾತೆಯಲ್ಲಿ ಸಿಕ್ಕಿ ತಡೆಹಿಡಿಯಲ್ಪಟ್ಟಿತು. ಅದನ್ನ ಬಿಡಿಸ್ಕೊಳ್ಳೋಕೆ ಪೊಲೀಸ್ ಠಾಣೆ, ಕೋರ್ಟ್ ಆದೇಶ ಅಂತ ತಿಂಗಳುಗಟ್ಟಲೆ ಓಡಾಡಿದ್ರು.

ಮನೆಯಲ್ಲಿರುವ ಮಕ್ಕಳಿಗೆ ಒಂದು ಮಾತು, ಅಮ್ಮ ಅಪ್ಪನಿಗೆ ಬೈಯೋದಿದ್ರೆ 1930ಕ್ಕೆ ಫೋನ್ ಮಾಡಿದ ಮೇಲೆ ಬೈಯಿರಿ.

ಇನ್ನು ಲಿಂಕ್ ವಿಷಯ. ಇಂಜಿನಿಯರಿಂಗ್ ಓದಿದವನು ಅಂತ ನನ್ನನ್ನ ಇದನ್ನೇ ಹೆಚ್ಚು ಕೇಳ್ತಾರೆ. ಸ್ಪೆಲಿಂಗ್ ತಪ್ಪು ಹುಡುಕಿ ಅಂತ ಕೆಲವರು ಸಲಹೆ ಕೊಡ್ತಾರೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡುವ ನಮ್ಮ ಚಿಂತಾಮಣಿ, ಗೌರಿಬಿದನೂರು ಕಡೆಯ ಹಿರಿಯರಿಗೆ ಇಂಗ್ಲಿಷ್ ಮೆಸೇಜಿನ ವ್ಯಾಕರಣ ತಪ್ಪು ಹುಡುಕಿ ಅನ್ನೋದು ಎಂಥ ಸಲಹೆ? ಇಂಗ್ಲಿಷಲ್ಲಿ ಬಂತು ಅಂದ್ರೇನೇ ಸರ್ಕಾರದ್ದು ಅಂತ ನಂಬುವ ಊರುಗಳು ನಮ್ಮವು. ಅದಕ್ಕಿಂತ ಅಸಲಿ ವಿಳಾಸ ಹೇಗೆ ಓದಬೇಕು ಅಂತ ಕಲಿಯೋದು ಸುಲಭ. ಈ ವಿಳಾಸ ನೋಡಿ:

```
https://incometax.gov.in.example.com/refund
```

ಕಣ್ಣಿಗೆ ಮೊದಲು ಬೀಳೋದು ಇಲಾಖೆಯ ಹೆಸರು. ಆದರೆ ಬ್ರೌಸರ್ ವಿಳಾಸವನ್ನ ಹಿಂದಿನಿಂದ ಓದತ್ತೆ. ಎರಡು ಗೀಟಾದ ಮೇಲೆ ಬರುವ ಮೊದಲ ಒಂಟಿ ಗೀಟಿನ ಹತ್ತಿರ ನಿಲ್ಲಿ, ಅಲ್ಲಿಂದ ಎಡಕ್ಕೆ ಬನ್ನಿ. ಅಲ್ಲಿರೋದು `example.com`. ಮನೆ ಯಜಮಾನ ಅವನೇ. ಅದರ ಎಡಗಡೆ ಇರುವ ಇಲಾಖೆಯ ಹೆಸರು, ಬೇರೆಯವನ ಮನೆ ಬಾಗಿಲಿಗೆ ಅಂಟಿಸಿದ ನಾಮಫಲಕ. ಇಲಾಖೆಯ ನಿಜವಾದ ವಿಳಾಸದಲ್ಲಿ ಆ ಗೀಟಿನ ಎಡಕ್ಕೆ ಅಂಟಿಕೊಂಡೇ `incometax.gov.in` ಇರಬೇಕು. ಬೀಗದ ಚಿತ್ರ ಇದೆ ಅಂತ ನಂಬಬೇಡಿ. ಮಧ್ಯದಲ್ಲಿ ಯಾರೂ ಕದ್ದು ಓದಲ್ಲ ಅಂತ ಮಾತ್ರ ಅದು ಹೇಳತ್ತೆ. ಆ ಕಡೆ ಕೂತಿರುವವನೇ ಕಳ್ಳ ಅಲ್ಲ ಅಂತ ಹೇಳಲ್ಲ.

ಈ ಉಪಾಯಕ್ಕೂ ಒಂದು ಮಿತಿ ಇದೆ, ಅದನ್ನ ಮುಚ್ಚಿಡಲ್ಲ. 2022ರಲ್ಲಿ ಸೈಬಲ್ ಎಂಬ ಸಂಸ್ಥೆ ಡ್ರಿನಿಕ್‌ನ ಹೊಸ ಅವತಾರವನ್ನ ಬಿಡಿಸಿ ನೋಡಿತು. ಅದು ನಕಲಿ ಪುಟ ತೋರಿಸೋದನ್ನೇ ಬಿಟ್ಟು, ಆ್ಯಪ್ ಒಳಗೆ ಇಲಾಖೆಯ ಅಸಲಿ ವೆಬ್‌ಸೈಟನ್ನೇ ತೆರೆದು ತೋರಿಸ್ತಿತ್ತು. ನೀವು ಲಾಗಿನ್ ಆಗುವಾಗ ನಿಮ್ಮ ಪರದೆಯನ್ನ ರೆಕಾರ್ಡ್ ಮಾಡ್ತಿತ್ತು. ಲಾಗಿನ್ ಆದ ಮೇಲೆ, ನಿಮಗೆ 57,100 ರೂಪಾಯಿ ರಿಫಂಡ್ ಇದೆ ಅಂತ ಒಂದು ಪೆಟ್ಟಿಗೆ ತೆರೆದು, ಆಗ ನಕಲಿ ಪುಟಕ್ಕೆ ಎಳೆದೊಯ್ತಿತ್ತು. ಹಾಗಾಗಿ ಮೆಸೇಜಲ್ಲಿ ಬಂದ ಲಿಂಕಿನಿಂದ ಆ್ಯಪ್ ಇಳಿಸಿಕೊಂಡ್ರೆ ವಿಳಾಸ ಓದೋದರಿಂದ ಏನೂ ಪ್ರಯೋಜನ ಇಲ್ಲ. ರಿಫಂಡ್ ಪಡೆಯೋಕೆ ಯಾವ ಆ್ಯಪೂ ಬೇಡ. ಅಪ್ಪಿತಪ್ಪಿ ಹಾಕಿಬಿಟ್ರೆ ಮೊದಲು ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿಂದ ಬ್ಯಾಂಕಿಗೆ ಮತ್ತು 1930ಕ್ಕೆ ಕರೆ ಮಾಡಿ. ಪಾಸ್‌ವರ್ಡ್ ಬದಲಾಯಿಸೋದೂ ಬೇರೆ ಫೋನಿಂದಲೇ. ಆಮೇಲೆ ಆ ಫೋನನ್ನ ಫ್ಯಾಕ್ಟರಿ ರೀಸೆಟ್ ಮಾಡಿಸಿ. ಆ್ಯಪ್ ಡಿಲೀಟ್ ಮಾಡಿದೆ, ಮುಗೀತು ಅಂದ್ಕೋಬೇಡಿ. ಇಂಥವು ಡಿಲೀಟ್ ಬಟನ್ನನ್ನೇ ತಡೆಯೋದುಂಟು.

ನಿಜವಾದ ರಿಫಂಡ್ ಹೇಗೆ ಬರತ್ತೆ? ನಾವು ಹಾಕಿದ ರಿಟರ್ನ್‌ಗಳ ಪರಿಶೀಲನೆ ಆಗೋದು ನಮ್ಮ ಬೆಂಗಳೂರಲ್ಲೇ, ಇಲಾಖೆಯ ಸಿಪಿಸಿ ಕೇಂದ್ರದಲ್ಲಿ. ರಿಟರ್ನ್ ಹಾಕುವ ಮುಂಚೆಯೇ ಪೋರ್ಟಲಿನಲ್ಲಿ ನಿಮ್ಮ ಖಾತೆಯನ್ನ ಪ್ರೀ-ವ್ಯಾಲಿಡೇಟ್ ಮಾಡಿರ್ತಾರೆ, ಅಂದ್ರೆ ಖಾತೆಯ ಹೆಸರೂ ಪ್ಯಾನೂ ಹೊಂದುತ್ತಾ ಅಂತ ಬ್ಯಾಂಕಿನ ಜೊತೆ ತಾಳೆ ನೋಡಿರ್ತಾರೆ. ರಿಫಂಡ್ ಹೋಗೋದು ಆ ಖಾತೆಗೆ ಮಾತ್ರ. ಲೆಕ್ಕ ಮುಗಿದ ಮೇಲೆ ಇಂಟಿಮೇಷನ್ ಅಂತ ಒಂದು ಪಿಡಿಎಫ್ ಇಮೇಲಿಗೆ ಬರತ್ತೆ. ಅದು ನಿಮ್ಮ ಪ್ಯಾನ್ ಮತ್ತು ಹುಟ್ಟಿದ ದಿನಾಂಕ ಸೇರಿಸಿ ಹಾಕಿದ್ರೆ ತೆರೆಯತ್ತೆ. ಇಷ್ಟರಲ್ಲಿ ಎಲ್ಲೂ ಕಾರ್ಡ್ ನಂಬರ್, ಪಿನ್ ಬರಲ್ಲ ನೋಡಿ. ದುಡ್ಡು ಹಾಕೋಕೆ ಖಾತೆ ಸಂಖ್ಯೆ ಸಾಕು, ಕಾರ್ಡು ಪಿನ್ನು ಬೇಕಾಗೋದು ದುಡ್ಡು ತೆಗೆಯೋಕೆ. ಒಂದು ವೇಳೆ ಖಾತೆಯಲ್ಲಿ ತೊಂದರೆ ಇದ್ದು ರಿಫಂಡ್ ವಾಪಸ್ ಹೋದ್ರೂ, ನೀವೇ ವಿಳಾಸ ಟೈಪ್ ಮಾಡಿ ಪೋರ್ಟಲಿಗೆ ಲಾಗಿನ್ ಆಗಿ, ರಿಫಂಡ್ ರೀಇಶ್ಯೂ ಅಂತ ಕೋರಿಕೆ ಹಾಕಿದರಾಯಿತು. ಅನುಮಾನ ಇದ್ರೆ ಇಲಾಖೆಯ ಸಹಾಯವಾಣಿ 1800 103 0025.

ಆದರೆ ಮೇಡಂಗೆ ಅಸಲಿ ಮೆಸೇಜ್ ಯಾಕೆ ಬರಲಿಲ್ಲ? ಇದು ನಾನು ಅವರ ಮನೆಗೆ ಹೋಗದಿದ್ರೆ ಗೊತ್ತಾಗ್ತಿರಲಿಲ್ಲ. ಅವರ ಮಗ ಪೋರ್ಟಲ್ ತೆರೆದು ಪ್ರೊಫೈಲ್ ನೋಡಿದ್ರೆ, ಮೊಬೈಲ್ ನಂಬರ್ ಮೇಡಂದಲ್ಲ, ಇಮೇಲ್ ಕೂಡ ಅವರದ್ದಲ್ಲ. ಎರಡೂ ರಿಟರ್ನ್ ಹಾಕಿಕೊಟ್ಟವರದ್ದು. ಮೋಸಕ್ಕಲ್ಲ, ಒಟಿಪಿಗೆ ಪ್ರತಿ ಸಲ ಫೋನ್ ಮಾಡೋದು ಕಷ್ಟ ಅಂತ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇದು ಮಾಮೂಲು. ಪರಿಣಾಮ ಏನಾಯಿತು ಅಂದ್ರೆ ಇಲಾಖೆಯ ಪ್ರತಿ ಮಾತೂ ಅಂಗಡಿಯವರ ಫೋನಿಗೆ ಹೋಗ್ತಿತ್ತು, ಕಳ್ಳನ ಮಾತು ಮಾತ್ರ ಮೇಡಂ ಫೋನಿಗೆ ಬಂತು. ಹೋಲಿಸಿ ನೋಡೋಕೆ ಅವರ ಹತ್ತಿರ ಅಸಲಿ ಇರಲೇ ಇಲ್ಲ. ನಿಮ್ಮ ರಿಟರ್ನ್ ಯಾರೇ ಹಾಕಲಿ, ಪ್ರೊಫೈಲ್‌ನಲ್ಲಿ ನಂಬರ್ ನಿಮ್ಮದೇ ಇರಲಿ ಅಂತ ಕೂತು ಹಾಕಿಸ್ಕೊಳಿ.

ಸೆಪ್ಟೆಂಬರ್‌ನಲ್ಲಿ ಮೇಡಂ ಮತ್ತೆ ಫೋನ್ ಮಾಡಿದ್ರು. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಐಟಿ ರಿಫಂಡ್ ಬಂದಿತ್ತಂತೆ. 5,770 ರೂಪಾಯಿ. ಆರು ತಿಂಗಳ ಬಡ್ಡಿ 168, ಹತ್ತರ ಲೆಕ್ಕಕ್ಕೆ ಸರಿಮಾಡಿ ಹಾಕಿದ್ದಾರೆ ಅಂತ ಅವರೇ ಲೆಕ್ಕ ಒಪ್ಪಿಸಿದ್ರು. ಯಾವ ಲಿಂಕೂ ಒತ್ತಿರಲಿಲ್ಲ, ಯಾರೂ ಏನೂ ಕೇಳಿರಲಿಲ್ಲ.